ಅಪ್ಪನ ಇಮೇಲ್ ನೋಡಿಕೊಳ್ಳಲು: ಪಾಸ್‌ವರ್ಡ್ ಕೊಡುವುದೋ, ಡೆಲಿಗೇಟ್ ಮಾಡುವುದೋ, ಫಾರ್ವರ್ಡ್ ಹಾಕುವುದೋ?

ಮುಂಬೈ ಕಡೆಯ ಡೊಂಬಿವಲಿ, ಮುಲುಂಡ್, ಮಾಟುಂಗದ ಕನ್ನಡ ಮನೆಗಳಲ್ಲಿ ಈಗ ಈ ಪ್ರಶ್ನೆ ಜಾಸ್ತಿ ಕೇಳಿಬರುತ್ತಿದೆ. ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಮಕ್ಕಳು ಪುಣೆಯಲ್ಲೋ ಪರದೇಶದಲ್ಲೋ ಇರುತ್ತಾರೆ. ಅಪ್ಪನಿಗೆ ಕಣ್ಣು ಮಂಜು, ಇನ್‌ಬಾಕ್ಸ್‌ನಲ್ಲಿ ಸಾವಿರಾರು ಓದದ ಮೇಲ್. ಅದರ ನಡುವೆ ಎಲ್ಲೋ ಮೆಡಿಕ್ಲೈಮ್ ರಿನ್ಯೂವಲ್ ನೋಟಿಸ್ ಕೂತಿರುತ್ತದೆ. ತಾರೀಖು ದಾಟಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಆಗ ಮನೆಯವರೆಲ್ಲ ಒಂದೇ ಮಾತು ಹೇಳುತ್ತಾರೆ: "ಅಪ್ಪಾ, ನಿಮ್ಮ ಪಾಸ್‌ವರ್ಡ್ ಕೊಟ್ಟುಬಿಡಿ, ನಾನೇ ನೋಡ್ಕೋತೀನಿ."

ಪಾಸ್‌ವರ್ಡ್ ಕೊಡುವುದು ಮೂರು ದಾರಿಗಳಲ್ಲಿ ಒಂದು ಮಾತ್ರ. ಉಳಿದೆರಡು, ಡೆಲಿಗೇಟ್ ಮಾಡುವುದು, ಅಂದರೆ ಪಾಸ್‌ವರ್ಡ್ ಕೊಡದೆ ಇನ್‌ಬಾಕ್ಸ್ ನೋಡುವ ಅಧಿಕಾರ ಕೊಡುವುದು, ಮತ್ತು ಆಯ್ದ ಮೇಲ್‌ಗಳನ್ನಷ್ಟೇ ಫಾರ್ವರ್ಡ್ ಮಾಡುವುದು. ಮೂರೂ ಜಿಮೇಲ್‌ನಲ್ಲಿ ಉಚಿತ, ಹಾಗಾಗಿ ದುಡ್ಡಿನ ಲೆಕ್ಕ ಇಲ್ಲಿ ಬರುವುದಿಲ್ಲ. ನೋಡಬೇಕಾದದ್ದು ಬೇರೆ ನಾಲ್ಕು ವಿಷಯ.

ಒಂದು, ಕೊಟ್ಟದ್ದನ್ನು ನಾಳೆ ವಾಪಸ್ ತೆಗೆದುಕೊಳ್ಳಬಹುದಾ, ಅದೂ ಅಪ್ಪನಿಗೆ ಏನೂ ತೊಂದರೆ ಆಗದ ಹಾಗೆ? ಎರಡು, ಮೇಲ್ ಜೊತೆಗೆ ಇನ್ನೇನೇನು ಕೈ ಬದಲಾಗುತ್ತದೆ? ಮೂರು, ಅಪ್ಪನ ಹೆಸರಲ್ಲಿ ಒಂದು ಮೇಲ್ ಹೋದರೆ ಅದನ್ನು ಯಾರು ಬರೆದರು ಎಂದು ತಿಳಿಯುತ್ತದಾ? ನಾಲ್ಕನೆಯದನ್ನು ಜನ ಮರೆಯುತ್ತಾರೆ: ಮೇಲ್‌ಗೆ ಬರುವ ಓಟಿಪಿ ಮತ್ತು ಪಾಸ್‌ವರ್ಡ್ ರೀಸೆಟ್ ಲಿಂಕ್ ಯಾರ ಕಣ್ಣಿಗೆ ಬೀಳುತ್ತವೆ?

ಮಾತು ಸುಮ್ನೆ ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಮನೆ ಇಟ್ಟುಕೊಳ್ಳೋಣ. ಡೊಂಬಿವಲಿ ಪೂರ್ವದಲ್ಲಿ ಎಪ್ಪತ್ತೊಂಬತ್ತರ ಅಪ್ಪ, ರಿಟೈರ್ಡ್. ತಲೆ ಚುರುಕಾಗಿದೆ, ಕಣ್ಣು ಮತ್ತು ತಾಳ್ಮೆ ಕಡಿಮೆಯಾಗಿದೆ. ಮಗಳು ಪುಣೆಯ ಕೋಥ್ರೂಡ್‌ನಲ್ಲಿ, ಮಗ ಪರದೇಶದಲ್ಲಿ. ಅಪ್ಪನದು ಜಿಮೇಲ್ ಖಾತೆ. ಬರುವ ಮೇಲ್‌ಗಳು ಇಷ್ಟು: ಸೊಸೈಟಿ ಮೇಂಟೆನೆನ್ಸ್ ಬಿಲ್, ಕರೆಂಟ್ ಮತ್ತು ಪೈಪ್ ಗ್ಯಾಸ್ ಬಿಲ್, ಎರಡು ಬ್ಯಾಂಕಿನ ಸ್ಟೇಟ್‌ಮೆಂಟ್, ಮ್ಯೂಚುವಲ್ ಫಂಡ್‌ನ ತಿಂಗಳ ಸ್ಟೇಟ್‌ಮೆಂಟ್, ಮೆಡಿಕ್ಲೈಮ್, ಹಳೆ ಸಹೋದ್ಯೋಗಿಗಳ ಶುಭೋದಯದ ಚಿತ್ರಗಳು.

ಪಾಸ್‌ವರ್ಡ್ ಕೊಡುವುದು

ಸುಲಭ ಅನ್ನುವ ಒಂದೇ ಕಾರಣಕ್ಕೆ ಜನ ಇದನ್ನು ಮಾಡುತ್ತಾರೆ. ಎರಡು ನಿಮಿಷದ ಕೆಲಸ. ಆದರೆ ಗೂಗಲ್ ಪಾಸ್‌ವರ್ಡ್ ಬರೀ ಮೇಲ್‌ನದಲ್ಲ. ಅದೇ ಪಾಸ್‌ವರ್ಡ್‌ನಲ್ಲಿ ಫೋಟೊಗಳು, ಡ್ರೈವ್‌ನಲ್ಲಿಟ್ಟ ಪ್ಯಾನ್ ಮತ್ತು ಆಧಾರ್ ಸ್ಕ್ಯಾನ್‌ಗಳು, ಕ್ರೋಮ್‌ನಲ್ಲಿ ಉಳಿಸಿದ ಬೇರೆ ಎಲ್ಲಾ ಪಾಸ್‌ವರ್ಡ್‌ಗಳು ತೆರೆದುಕೊಳ್ಳುತ್ತವೆ. ಮಗಳು ಅಪ್ಪನ ಖಾತೆಯನ್ನು ತನ್ನ ಫೋನಿಗೆ ಸೇರಿಸಿದರೆ, ಅಪ್ಪನ ಕಾಂಟ್ಯಾಕ್ಟ್‌ಗಳೂ ಅವಳ ಫೋನಿಗೆ ಬಂದು ಸೇರಿಕೊಳ್ಳುತ್ತವೆ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಮಗಳು ಪುಣೆಯಲ್ಲಿ ಕೂತು ಲಾಗಿನ್ ಆಗಲು ಹೋದಾಗ ಡೊಂಬಿವಲಿಯಲ್ಲಿ ಅಪ್ಪನ ಫೋನಿನ ಮೇಲೆ ಒಂದು ಪ್ರಶ್ನೆ ಬರುತ್ತದೆ, ಲಾಗಿನ್ ಆಗುತ್ತಿರುವುದು ನೀವೇನಾ ಅಂತ. ಮಗಳು ಫೋನ್ ಮಾಡಿ "ಅಪ್ಪಾ, Yes ಒತ್ತಿ" ಅನ್ನುತ್ತಾಳೆ. ಒಂದು ಸಲ, ಎರಡು ಸಲ, ಹತ್ತು ಸಲ. ಕೊನೆಗೆ ಅಪ್ಪನಿಗೆ ಅದೇ ರೂಢಿಯಾಗುತ್ತದೆ: ಆ ಪ್ರಶ್ನೆ ಬಂದರೆ Yes ಒತ್ತಬೇಕು. ಮೋಸಗಾರನಿಗೆ ಬೇಕಾದದ್ದು ಸರಿಯಾಗಿ ಇದೇ. ಮುಂದೊಂದು ದಿನ ಪಾಸ್‌ವರ್ಡ್ ಕದ್ದವನು ಲಾಗಿನ್ ಆಗಲು ಹೋದಾಗ ಅಪ್ಪ ಯೋಚಿಸದೆ Yes ಒತ್ತುತ್ತಾರೆ. ಕಾವಲಿಗೆ ಇಟ್ಟ ಪ್ರಶ್ನೆಯನ್ನು ನಾವೇ ಬರೀ ಶಾಸ್ತ್ರಕ್ಕೆ ಇಳಿಸಿರುತ್ತೇವೆ.

ವಾಪಸ್ ತೆಗೆದುಕೊಳ್ಳುವುದೂ ಕಷ್ಟ. ಪಾಸ್‌ವರ್ಡ್ ಬದಲಿಸುವುದೊಂದೇ ದಾರಿ. ಹಾಗೆ ಮಾಡಿದರೆ ಅಪ್ಪನ ಟ್ಯಾಬ್, ಹಳೆ ಲ್ಯಾಪ್‌ಟಾಪ್ ಎಲ್ಲಾ ಮತ್ತೆ ಲಾಗಿನ್ ಕೇಳಬಹುದು. ಅವರು ಹೊಸದನ್ನು ನೆನಪಿಡಬೇಕು. ಅಪ್ಪನ ಹೆಸರಲ್ಲಿ ಹೋದ ಮೇಲ್ ಅಪ್ಪನೇ ಬರೆದದ್ದಾ, ಮಗಳು ಬರೆದದ್ದಾ ಅಂತ ಹೇಳಲು ಯಾವ ಗುರುತೂ ಉಳಿಯುವುದಿಲ್ಲ. ಅಣ್ಣ ತಂಗಿ ನಡುವೆ ಆಸ್ತಿ ಮಾತು ಶುರುವಾದ ದಿನ ಈ ಗುರುತಿನ ಬೆಲೆ ತಿಳಿಯುತ್ತದೆ.

ನಾಲ್ಕು ವಿಷಯಗಳಲ್ಲಿ ಒಂದರಲ್ಲೂ ಇದು ಗೆಲ್ಲುವುದಿಲ್ಲ. ಈಗಾಗಲೇ ಕೊಟ್ಟಿದ್ದರೆ ಗಾಬರಿ ಬೇಡ. ಕೆಳಗಿನ ಎರಡರಲ್ಲಿ ಒಂದನ್ನು ಮೊದಲು ಸರಿಯಾಗಿ ಹೂಡಿ, ಆಮೇಲೆ ಅಪ್ಪನ ಪಕ್ಕದಲ್ಲಿ ಕೂತು ಪಾಸ್‌ವರ್ಡ್ ಬದಲಿಸಿ.

ಡೆಲಿಗೇಟ್ ಮಾಡುವುದು

ಇದರಲ್ಲಿ ಮಗಳು ತನ್ನ ಜಿಮೇಲ್‌ಗೆ ತನ್ನದೇ ಪಾಸ್‌ವರ್ಡ್‌ನಿಂದ ಲಾಗಿನ್ ಆಗುತ್ತಾಳೆ. ಮೇಲೆ ಬಲಗಡೆ ತನ್ನ ಫೋಟೊ ಒತ್ತಿದರೆ ಅಪ್ಪನ ಖಾತೆಯ ಹೆಸರೂ ಕಾಣುತ್ತದೆ. ಒತ್ತಿದರೆ ಅಪ್ಪನ ಇನ್‌ಬಾಕ್ಸ್ ತೆರೆಯುತ್ತದೆ. ಅವಳು ಓದಬಹುದು, ಅಳಿಸಬಹುದು, ಅಪ್ಪನ ವಿಳಾಸದಿಂದ ಉತ್ತರ ಬರೆಯಬಹುದು. ಅಪ್ಪನ ಪಾಸ್‌ವರ್ಡ್ ಬದಲಿಸಲು ಆಗುವುದಿಲ್ಲ, ಅಪ್ಪನ ಹೆಸರಲ್ಲಿ ಚಾಟ್ ಮಾಡಲೂ ಆಗುವುದಿಲ್ಲ. ಫೋಟೊ, ಡ್ರೈವ್, ಉಳಿಸಿದ ಪಾಸ್‌ವರ್ಡ್‌ಗಳು ಅವಳಿಗೆ ಸಿಗುವುದಿಲ್ಲ.

ಇದನ್ನು ಹೂಡಬೇಕಾದದ್ದು ಅಪ್ಪನ ಖಾತೆಯಿಂದ, ಅದೂ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ. ಫೋನಿನ ಆಪ್‌ನಲ್ಲಿ ಹುಡುಕಿ ಸುಸ್ತಾಗಬೇಡಿ. ಮಗಳು ಶನಿವಾರ ಬಂದಾಗ ಲ್ಯಾಪ್‌ಟಾಪ್ ತೆರೆದು ಅಪ್ಪನನ್ನೇ ಮುಂದೆ ಕೂರಿಸಿ ಮಾಡಿಸುವುದು ಒಳ್ಳೆಯದು. ಚಕ್ರದ ಗುರುತು ಒತ್ತಿ, ಈ ದಾರಿಯಲ್ಲಿ ಹೋಗಿ:

```
See all settings > Accounts and Import
Grant access to your account > Add another account
```

ಮಗಳ ಜಿಮೇಲ್ ವಿಳಾಸ ಹಾಕಬೇಕು. ಅವಳಿಗೆ ಒಂದು ಮೇಲ್ ಹೋಗುತ್ತದೆ, ಅದರಲ್ಲಿರುವ ಲಿಂಕ್ ಒತ್ತಿ ಅವಳು ಒಪ್ಪಬೇಕು. ಒಂದು ವಾರದೊಳಗೆ ಒಪ್ಪದಿದ್ದರೆ ಆ ಆಹ್ವಾನ ಸತ್ತುಹೋಗುತ್ತದೆ, ಮತ್ತೆ ಕಳಿಸಬೇಕು. ಒಪ್ಪಿದ ತಕ್ಷಣ ಅಪ್ಪನ ಖಾತೆ ಕಾಣದಿದ್ದರೆ ತಪ್ಪಾಯಿತು ಅಂದುಕೊಳ್ಳಬೇಡಿ. ಒಂದು ದಿನದವರೆಗೂ ಹಿಡಿಯಬಹುದು. ಹೀಗಾಗಿ ಭಾನುವಾರ ಸಂಜೆ ರೈಲು ಹತ್ತುವ ಮೊದಲು ಮಾಡುವ ಕೆಲಸ ಇದಲ್ಲ.

ಅದೇ ಜಾಗದಲ್ಲಿ ಎರಡು ಸಣ್ಣ ಆಯ್ಕೆಗಳಿವೆ, ಯಾರೂ ಗಮನಿಸುವುದಿಲ್ಲ. ಮೊದಲನೆಯದು, ಬೇರೆಯವರು ತೆರೆದ ಮೇಲ್ ಓದಿದ್ದು ಎಂದು ತೋರಿಸಬೇಕಾ ಬೇಡವಾ ಎಂಬುದು. ಅಪ್ಪ ಇನ್ನೂ ತಾವೇ ಮೇಲ್ ನೋಡುವವರಾದರೆ "Leave conversation unread when opened by others" ಆರಿಸಿ. ಇಲ್ಲದಿದ್ದರೆ ಮಗಳು ಬೆಳಿಗ್ಗೆ ಓದಿದ ಮೇಲ್ ಅಪ್ಪನಿಗೆ ದಪ್ಪಕ್ಷರದಲ್ಲಿ ಕಾಣುವುದಿಲ್ಲ, ಹಳೆಯದೆಂದುಕೊಂಡು ಬಿಟ್ಟುಬಿಡುತ್ತಾರೆ. ಆದರೆ ಹೀಗೆ ಇಟ್ಟರೆ ಮಗಳಿಗೆ ತಾನು ಯಾವುದನ್ನು ಮುಗಿಸಿದೆ ಎಂಬ ಗುರುತು ಸಿಗುವುದಿಲ್ಲ, ಒಂದೇ ಬಿಲ್ಲನ್ನು ಇಬ್ಬರೂ ಕಟ್ಟಿಬಿಡಬಹುದು. ಕಟ್ಟಿದ ಬಿಲ್‌ಗೆ ಒಂದು ನಕ್ಷತ್ರ ಹಾಕುವ ಒಪ್ಪಂದ ಸಾಕು. ಅಪ್ಪ ಮೇಲ್ ತೆರೆಯುವುದನ್ನೇ ಬಿಟ್ಟಿದ್ದರೆ ಈ ಆಯ್ಕೆಗೆ ಅರ್ಥವಿಲ್ಲ.

ಎರಡನೆಯದು, ಮಗಳು ಕಳಿಸಿದ ಮೇಲ್‌ನಲ್ಲಿ ಅಪ್ಪನ ವಿಳಾಸದ ಜೊತೆ ಅವಳ ವಿಳಾಸವೂ ಕಾಣಬೇಕಾ ಎಂಬುದು. ಕಾಣಲಿ ಎಂದೇ ನನ್ನ ಅಭಿಪ್ರಾಯ. ಅಪ್ಪನ ವಿಳಾಸ ಮಾತ್ರ ತೋರಿಸಿದರೆ ಸೊಸೈಟಿ ಸೆಕ್ರೆಟರಿಗೆ ಗೊಂದಲ ಕಡಿಮೆ, ನಿಜ. ಆದರೆ ಮೂರನೇ ವಿಷಯ ಅಲ್ಲಿಗೆ ಮುಗಿಯಿತು, ಯಾರು ಬರೆದರೆಂದು ಹೊರಗಿನವರಿಗೆ ತಿಳಿಯುವುದಿಲ್ಲ.

ವಾಪಸ್ ತೆಗೆದುಕೊಳ್ಳುವುದಂತೂ ಸಲೀಸು. ಅದೇ ಪುಟದಲ್ಲಿ ಅವಳ ವಿಳಾಸದ ಪಕ್ಕ ಇರುವ "delete" ಒತ್ತಿದರೆ ಆಯಿತು. ಅಪ್ಪನ ಪಾಸ್‌ವರ್ಡ್, ಫೋನ್ ಯಾವುದಕ್ಕೂ ಏನೂ ಆಗುವುದಿಲ್ಲ.

ಮಿತಿಗಳೂ ಇವೆ. ಸಾಮಾನ್ಯ ಜಿಮೇಲ್ ಖಾತೆಯನ್ನು ಇನ್ನೊಂದು ಜಿಮೇಲ್ ಖಾತೆಗೆ ಮಾತ್ರ ಕೊಡಬಹುದು, ಮಗಳ ಆಫೀಸ್ ಮೇಲ್‌ಗೆ ಆಗುವುದಿಲ್ಲ. ಜಿಮೇಲ್ ಬಿಟ್ಟು ಬೇರೆ ಮೇಲ್ ಆಪ್ ಬಳಸುವವರಿಗೆ ಅಲ್ಲಿ ಅಪ್ಪನ ಇನ್‌ಬಾಕ್ಸ್ ಕಾಣುವುದಿಲ್ಲ. ಹತ್ತು ಜನರವರೆಗೆ ಡೆಲಿಗೇಟ್ ಮಾಡಬಹುದು. ಆದರೆ ಮಗ, ಮಗಳು, ಸೊಸೆ ಎಲ್ಲರಿಗೂ ಕೊಟ್ಟರೆ ಯಾರೂ ನೋಡದ ಇನ್‌ಬಾಕ್ಸ್ ಸಿದ್ಧವಾಗುತ್ತದೆ, ಅಲ್ವಾ? ಒಬ್ಬರಿಗೇ ಕೊಡಿ.

ಓಟಿಪಿ ಎಂಬ ಬಿರುಕು

ಡೆಲಿಗೇಟ್ ಮಾಡಿದಾಗ ಇನ್‌ಬಾಕ್ಸ್ ಪೂರ್ತಿ ಹೋಗುತ್ತದೆ. "ಬ್ಯಾಂಕಿನದು ಬೇಡ, ಬಿಲ್ಲು ಮಾತ್ರ ತೋರಿಸು" ಅನ್ನಲು ದಾರಿಯಿಲ್ಲ. ಯಾವುದೋ ಮೇಲ್ ಅನ್ನು ಆರ್ಕೈವ್ ಮಾಡಿ ಬಚ್ಚಿಟ್ಟರೂ "All Mail" ಒಳಗೆ ಕಾಣುತ್ತದೆ. ಅಂದರೆ ಅಪ್ಪನ ಮೇಲ್‌ಗೆ ಬರುವ ಓಟಿಪಿ ಮತ್ತು ರೀಸೆಟ್ ಲಿಂಕ್ ಎಲ್ಲವೂ ಮಗಳ ಕಣ್ಣಿಗೆ ಬೀಳುತ್ತವೆ. ಜಿಮೇಲ್ ಪಾಸ್‌ವರ್ಡ್ ಕೊಡದೆಯೂ, ಮೇಲ್‌ನಿಂದಲೇ ರೀಸೆಟ್ ಆಗುವ ಬೇರೆ ಎಲ್ಲಾ ಖಾತೆಗಳ ಬೀಗದ ಕೈ ಕೊಟ್ಟ ಹಾಗಾಯಿತು.

ಮಗಳ ಮೇಲೆ ಅನುಮಾನ ಅಂತಲ್ಲ. ನಾಳೆ ಮಗಳ ಜಿಮೇಲ್‌ಗೇ ಯಾರಾದರೂ ನುಗ್ಗಿದರೆ ಅಪ್ಪನ ಇನ್‌ಬಾಕ್ಸ್‌ಗೂ ನುಗ್ಗಿದಂತೆ. ಆದ್ದರಿಂದ ಡೆಲಿಗೇಟ್ ಆಗುವವರ ಖಾತೆಗೆ ಟೂ-ಸ್ಟೆಪ್ ವೆರಿಫಿಕೇಶನ್ ಇರಲೇಬೇಕು. ಇಲ್ಲದವರಿಗೆ ಕೊಡಬೇಡಿ, ಅವರು ಎಷ್ಟೇ ಹತ್ತಿರದವರಾದರೂ.

ಡೆಲಿಗೇಟ್ ಮಾಡುವ ಮೊದಲು ಅಪ್ಪನ ಜಿಮೇಲ್‌ನ ಹುಡುಕುವ ಜಾಗದಲ್ಲಿ ಇದನ್ನು ಹಾಕಿ ನೋಡಿ:

```
subject:(OTP OR reset OR "verification code") newer_than:1y
```

ಕಳೆದ ಒಂದು ವರ್ಷದಲ್ಲಿ ಯಾರು ಯಾರು ಮೇಲ್‌ಗೆ ಓಟಿಪಿ ಕಳಿಸಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ನಮ್ಮ ಡೊಂಬಿವಲಿ ಮನೆಯಲ್ಲಿ ನಾಲ್ಕು ಹೆಸರು ಬಂದವು ಎನ್ನೋಣ: ಒಂದು ಶಾಪಿಂಗ್ ಸೈಟ್, ಸೊಸೈಟಿಯ ಆಪ್, ಒಂದು ಬ್ಯಾಂಕ್, ಒಂದು ಮ್ಯೂಚುವಲ್ ಫಂಡ್. ಮೊದಲ ಎರಡು ಮಗಳಿಗೆ ಕಂಡರೆ ಅಪ್ಪನಿಗೆ ತೊಂದರೆ ಇಲ್ಲ. ಉಳಿದೆರಡು ದುಡ್ಡಿನವು. ಅವಕ್ಕೆ ಅಪ್ಪನ ಹೆಸರಲ್ಲಿ ಇನ್ನೊಂದು ಜಿಮೇಲ್ ತೆರೆದು, ಬ್ಯಾಂಕ್ ಮತ್ತು ಫಂಡ್‌ನಲ್ಲಿ ಆ ವಿಳಾಸ ದಾಖಲಿಸಬಹುದು. ಅದು ಅಪ್ಪನ ಫೋನಿನಲ್ಲಿ ಮಾತ್ರ ಇರಲಿ. ಬಿಲ್ಲು, ನೋಟಿಸ್, ಚಿತ್ರಗಳೆಲ್ಲ ಹಳೆ ವಿಳಾಸಕ್ಕೇ ಬರಲಿ, ಅದನ್ನು ಡೆಲಿಗೇಟ್ ಮಾಡಿ. ಬ್ಯಾಂಕಿಗೆ ಒಂದೆರಡು ಸಲ ಓಡಾಟ ಬೀಳುತ್ತದೆ, ಆದರೆ ನಾಲ್ಕನೇ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ.

ಇದರ ಬೆಲೆ ಒಂದಿದೆ. ಹೊಸ ವಿಳಾಸವನ್ನು ಅಪ್ಪನೊಬ್ಬರೇ ನೋಡುತ್ತಾರೆ, ಅವರ ಕಣ್ಣು ಮಂಜು ಅನ್ನುವುದೇ ನಮ್ಮ ಮೊದಲ ತೊಂದರೆ ಆಗಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ಮಗಳಿಗೂ ಕಾಣಬೇಕಾದರೆ ಮೂರನೇ ದಾರಿ ಬೇಕು.

ಆಯ್ದು ಫಾರ್ವರ್ಡ್ ಮಾಡುವುದು

ಇಲ್ಲಿ ಇನ್‌ಬಾಕ್ಸ್ ಯಾರಿಗೂ ತೆರೆಯುವುದಿಲ್ಲ. ಕೆಲವು ಮೇಲ್‌ಗಳ ಪ್ರತಿ ಮಾತ್ರ ಮಗಳಿಗೆ ಹೋಗುತ್ತದೆ, ಅಟ್ಯಾಚ್‌ಮೆಂಟ್ ಸಮೇತ. ಮೊದಲು "Forwarding and POP/IMAP" ಪುಟದಲ್ಲಿ ಮಗಳ ವಿಳಾಸ ಸೇರಿಸಿ, ಅವಳಿಗೆ ಬರುವ ಮೇಲ್‌ನಿಂದ ಖಚಿತಪಡಿಸಬೇಕು. ಎಲ್ಲವನ್ನೂ ಕಳಿಸುವ ಆಯ್ಕೆ ಅಲ್ಲೇ ಇದೆ, ಅದನ್ನು ಆರಿಸಬೇಡಿ. ಬದಲಿಗೆ ಫಿಲ್ಟರ್ ಮಾಡಿ, "Forward it to" ಆರಿಸಿ. ಹುಡುಕುವ ಜಾಗದಲ್ಲಿ ಹೀಗೆ ಬರೆದು "Create filter" ಮಾಡಬಹುದು:

```
subject:(statement OR bill OR renewal) -OTP -reset
```

ಓಟಿಪಿ ಮತ್ತು ರೀಸೆಟ್ ಎಂಬ ಪದ ಇರುವವು ಇದರಲ್ಲಿ ಹೋಗುವುದಿಲ್ಲ. ತುಂಬಾ ಜನ ಜಾಣತನದಿಂದ password ಎಂಬ ಪದವನ್ನೂ ಹೊರಗಿಡುತ್ತಾರೆ. ಆಗ ಸ್ಟೇಟ್‌ಮೆಂಟ್‌ಗಳೇ ನಿಂತುಹೋಗುತ್ತವೆ. ಯಾಕೆಂದರೆ ಬ್ಯಾಂಕ್ ಮತ್ತು ಫಂಡ್‌ಗಳ ಮೇಲ್‌ನಲ್ಲಿ "ಈ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಇದು" ಎಂಬ ವಿವರಣೆಯೇ ಇರುತ್ತದೆ. ಮಗಳಿಗೆ ಒಂದು ತಿಂಗಳು ಸ್ಟೇಟ್‌ಮೆಂಟ್ ಬರದಿದ್ದರೆ ಮೊದಲು ನೋಡಬೇಕಾದದ್ದು ಫಿಲ್ಟರ್, ಆಮೇಲೆ ಅವಳ ಸ್ಪ್ಯಾಮ್.

ಫಿಲ್ಟರ್ ಹೊಸ ಮೇಲ್‌ಗಳನ್ನಷ್ಟೇ ಕಳಿಸುತ್ತದೆ, ಕಳೆದ ವರ್ಷದ ಪಾಲಿಸಿ ಹುಡುಕಲು ಆಗುವುದಿಲ್ಲ. ಮಗಳು ಅಪ್ಪನ ವಿಳಾಸದಿಂದ ಉತ್ತರಿಸಲೂ ಆಗುವುದಿಲ್ಲ. ನಿಲ್ಲಿಸುವುದು ಸುಲಭ, ಫಿಲ್ಟರ್ ಅಳಿಸಿದರೆ ಆಯಿತು. ಆದರೆ ಅಲ್ಲಿಯವರೆಗೆ ಹೋದ ಪ್ರತಿಗಳು ಅವಳ ಹತ್ತಿರವೇ ಉಳಿಯುತ್ತವೆ. ಡೆಲಿಗೇಟ್‌ನಲ್ಲಿ ಹಾಗಲ್ಲ, ಅವಳು ಡೌನ್‌ಲೋಡ್ ಮಾಡಿಕೊಳ್ಳದಿದ್ದರೆ ಏನೂ ಉಳಿಯುವುದಿಲ್ಲ.

ಅಪ್ಪನ ಖಾತೆ ಜಿಮೇಲ್ ಅಲ್ಲದಿದ್ದರೆ? ಔಟ್‌ಲುಕ್ ಡಾಟ್ ಕಾಮ್ ಮತ್ತು ಯಾಹೂದ ಸಾಮಾನ್ಯ ಖಾತೆಗಳಲ್ಲಿ ಇನ್‌ಬಾಕ್ಸ್ ಡೆಲಿಗೇಟ್ ಮಾಡುವ ಸೌಲಭ್ಯ ಇಲ್ಲ. ಔಟ್‌ಲುಕ್‌ನಲ್ಲಿ ಫಾರ್ವರ್ಡ್ ಉಚಿತ. ಯಾಹೂದಲ್ಲಿ 2021ರಿಂದ ತಾನಾಗೇ ಫಾರ್ವರ್ಡ್ ಆಗಬೇಕಾದರೆ ದುಡ್ಡು ಕೊಡಬೇಕು. ಅಂಥವರು ಬಿಲ್ಲುಗಳ ವಿಳಾಸವನ್ನು ಒಂದೊಂದಾಗಿ ಜಿಮೇಲ್‌ಗೆ ಬದಲಿಸಿಕೊಳ್ಳುವುದೇ ಮೇಲು.

ಯಾರಿಗೆ ಯಾವುದು

ಅಪ್ಪ ತಾವೇ ಮೇಲ್ ನೋಡುತ್ತಾರೆ, ಬಿಲ್ಲು ಮತ್ತು ರಿನ್ಯೂವಲ್ ಮೇಲೆ ಮಾತ್ರ ಇನ್ನೊಂದು ಕಣ್ಣು ಬೇಕು ಅಂದರೆ ಫಾರ್ವರ್ಡ್ ಸಾಕು. ಉತ್ತರ ಬರೆಯಬೇಕು, ಆಸ್ಪತ್ರೆಗೆ ಕಾಗದ ಕಳಿಸಬೇಕು, ಹಳೆಯದನ್ನು ಹುಡುಕಬೇಕು ಅಂದರೆ ಡೆಲಿಗೇಟ್, ಆದರೆ ದುಡ್ಡಿನ ಖಾತೆಗಳನ್ನು ಮೊದಲು ಬೇರೆ ವಿಳಾಸಕ್ಕೆ ಸಾಗಿಸಿ. ನಮ್ಮ ಡೊಂಬಿವಲಿ ಮನೆಗೆ ನಾನು ಎರಡನ್ನೂ ಕೂಡಿಸುತ್ತೇನೆ: ಹಳೆ ವಿಳಾಸ ಮಗಳಿಗೆ ಡೆಲಿಗೇಟ್, ಹೊಸ ದುಡ್ಡಿನ ವಿಳಾಸದಿಂದ ಸ್ಟೇಟ್‌ಮೆಂಟ್ ಮಾತ್ರ ಅವಳಿಗೆ ಫಾರ್ವರ್ಡ್. ರಿಕವರಿ ಇಮೇಲ್ ಪರದೇಶದಲ್ಲಿರುವ ಮಗನದು, ರಿಕವರಿ ಫೋನ್ ಅಪ್ಪನದೇ. ಇನ್‌ಬಾಕ್ಸ್ ನೋಡುವವರೂ ಖಾತೆ ಮರಳಿ ಪಡೆಯುವವರೂ ಒಬ್ಬರೇ ಆಗದಿರುವುದು ಒಳ್ಳೆಯದು. ಅಣ್ಣನಿಗೂ ತನಗೊಂದು ಕೆಲಸ ಇದೆ ಅನ್ನಿಸುತ್ತದೆ.

ಇದೆಲ್ಲ ಅಪ್ಪನಿಗೆ ಅರ್ಥವಾಗಿ, ಅವರೇ ಒಪ್ಪಿ ಮಾಡುವಾಗಿನ ಮಾತು. ಮರೆವು ಹೆಚ್ಚಾದ ಮೇಲೆ ದಾರಿ ಕಿರಿದಾಗುತ್ತದೆ. ಪವರ್ ಆಫ್ ಅಟಾರ್ನಿ ಇದೆಯಲ್ಲ ಅಂತ ಕೆಲವರು ನಿಶ್ಚಿಂತರಾಗಿರುತ್ತಾರೆ. ಭಾರತೀಯ ಒಪ್ಪಂದ ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅಂಥ ಅಧಿಕಾರವೂ ಮುಗಿಯುತ್ತದೆ. ಆಮೇಲೆ ಬ್ಯಾಂಕ್ ವ್ಯವಹಾರಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕಾಗಬಹುದು. ಡೆಲಿಗೇಟ್ ಮಾಡಿದ್ದು ಮಗಳಿಗೆ ಬ್ಯಾಂಕಿನ ಮುಂದೆ ಯಾವ ಹಕ್ಕನ್ನೂ ಕೊಡುವುದಿಲ್ಲ, ಕಾಗದ ಓದುವ ಅವಕಾಶ ಅಷ್ಟೇ. ಅಪ್ಪನ ಕಾಲಾನಂತರದ ಏರ್ಪಾಡೂ ಇದಲ್ಲ. ಅದಕ್ಕೆ ಗೂಗಲ್‌ನ Inactive Account Manager ಬೇರೆ ಇದೆ. ಖಾತೆ 3, 6, 12 ಅಥವಾ 18 ತಿಂಗಳು ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು ಎಂದು ಅಪ್ಪ ಅಲ್ಲಿ ಬರೆದಿಡಬಹುದು.

ಹೂಡಿದ ಮೇಲೆ ಮೂರು ತಿಂಗಳಿಗೊಮ್ಮೆ ಅಪ್ಪನ ಖಾತೆಯಲ್ಲೇ ನಾಲ್ಕು ಜಾಗ ನೋಡಿ. "Grant access to your account" ಎದುರು ಮಗಳ ವಿಳಾಸ ಬಿಟ್ಟು ಬೇರೆ ಇದೆಯಾ? ಫಾರ್ವರ್ಡ್ ಪುಟದಲ್ಲಿ ಗುರುತಿಲ್ಲದ ವಿಳಾಸ ಇದೆಯಾ? "Filters and Blocked Addresses" ಒಳಗೆ ಮೇಲ್ ಅಳಿಸುವ ಅಥವಾ ಎಲ್ಲಿಗೋ ಕಳಿಸುವ ಫಿಲ್ಟರ್ ಇದೆಯಾ? ಖಾತೆಗೆ ನುಗ್ಗಿದವರು ಪಾಸ್‌ವರ್ಡ್ ಮುಟ್ಟದೆ, ಬ್ಯಾಂಕಿನ ಮೇಲ್ ಬಂದ ಕೂಡಲೇ ಅಳಿಸುವ ಫಿಲ್ಟರ್ ಹಾಕಿ ಹೋಗುವುದುಂಟು. ಕೊನೆಯದಾಗಿ, ಇನ್‌ಬಾಕ್ಸ್‌ನ ತಳದಲ್ಲಿ ಬಲಗಡೆ ಸಣ್ಣಕ್ಷರದಲ್ಲಿರುವ "Details" ಒತ್ತಿದರೆ ಈಚೆಗೆ ಯಾವ ಬಗೆಯ ಸಾಧನದಿಂದ, ಎಲ್ಲಿಂದ ಖಾತೆ ತೆರೆಯಿತು ಎಂದು ಕಾಣುತ್ತದೆ. ಮುಂಬೈ, ಪುಣೆ ಬಿಟ್ಟು ಗೊತ್ತಿಲ್ಲದ ಊರೊಂದು ಕಂಡರೆ ಒಮ್ಮೆಗೇ ಗಾಬರಿಯಾಗಬೇಡಿ, ಮೊಬೈಲ್ ನೆಟ್‌ವರ್ಕ್ ಕೆಲವೊಮ್ಮೆ ಬೇರೆ ಊರು ತೋರಿಸುತ್ತದೆ. ಬೇರೆ ದೇಶ ಕಂಡರೆ, ಮಗನೂ ಅಲ್ಲಿಂದ ಲಾಗಿನ್ ಆಗಿಲ್ಲ ಅಂದರೆ, ಅಪ್ಪನ ಪಾಸ್‌ವರ್ಡ್ ಅಂದೇ ಬದಲಿಸಿ. ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ.